ಸೋಮವಾರ ಇಲ್ಲ, ಮಂಗಳವಾರ ಇದೆ

2025ರಲ್ಲಿ ಆಂಧ್ರಪ್ರದೇಶದ ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಗಳು ಮಾರ್ಚ್ 17ರ ಸೋಮವಾರ ಶುರುವಾದವು. ಮೊದಲು ಪ್ರಕಟವಾದ ವೇಳಾಪಟ್ಟಿಯಲ್ಲಿ ಕೊನೆಯ ಮುಖ್ಯ ಪರೀಕ್ಷೆ ಸಮಾಜ ವಿಜ್ಞಾನ, ಮಕ್ಕಳ ಬಾಯಲ್ಲಿ ಸೋಷಿಯಲ್. ಅದು ಮಾರ್ಚ್ 31ರ ಸೋಮವಾರಕ್ಕೆ ನಿಗದಿಯಾಗಿತ್ತು. ರಂಜಾನ್ ಹಬ್ಬದ ರಜೆ ಅದೇ ಸೋಮವಾರ ಬಂದದ್ದರಿಂದ ಆ ಒಂದು ಪರೀಕ್ಷೆ ಮರುದಿನಕ್ಕೆ, ಏಪ್ರಿಲ್ 1ರ ಮಂಗಳವಾರಕ್ಕೆ ಹೋಯಿತು. ಉಳಿದ ಯಾವುದೂ ಬದಲಾಗಲಿಲ್ಲ. ಬೆಳಿಗ್ಗೆ 9.30ರಿಂದ ಮಧ್ಯಾಹ್ನ 12.45ರವರೆಗಿನ ವೇಳೆಯೂ ಹಾಗೆಯೇ ಉಳಿಯಿತು. ಒಂದು ಪತ್ರಿಕೆ, ಒಂದು ದಿನ, ಅಷ್ಟೇ. ಇಷ್ಟು ಚಿಕ್ಕ ಸುದ್ದಿಯನ್ನು ಕರ್ನೂಲು ಜಿಲ್ಲೆಯ ದೇವನಕೊಂಡದಂಥ ಮಂಡಲದಲ್ಲಿ ಪೋಷಕರಿಗೆ ತಲುಪಿಸುವ ಸಂದೇಶ ಹೇಗಿರಬೇಕು ಎನ್ನುವುದೇ ಈ ಹೊತ್ತಿನ ಮಾತಿನ ವಿಷಯ. ಇಲಾಖೆಯ ಆದೇಶವನ್ನು ಹಾಗೆಯೇ ಮುಂದಕ್ಕೆ ಕಳಿಸಿದರೆ ಅದು ಪೋಷಕರಿಗೆ ಕೊಟ್ಟ ಸಂದೇಶವಾಗುವುದಿಲ್ಲ ಎಂದು ನಾನು ವಾದಿಸುತ್ತೇನೆ. ಆದೇಶವನ್ನು ಬರೆಯುವುದು ಕಚೇರಿಯ ಲೆಕ್ಕಕ್ಕೆ. ಸಂದೇಶವನ್ನು ಮನೆಯವರು ಆ ವಾರ ಹಾಕಿಕೊಂಡಿರುವ ಲೆಕ್ಕವನ್ನು ನೋಡಿ ಬರೆಯಬೇಕು.

ಪರೀಕ್ಷೆ ಮುಂದಕ್ಕೆ ಹೋದರೆ ಯಾರಿಗೇನು ನಷ್ಟ, ಸುದ್ದಿ ತಿಳಿಯದ ಮಗು ಸೋಮವಾರ ಹೋಗಿ ಬಾಗಿಲು ಮುಚ್ಚಿದ್ದನ್ನು ಕಂಡು ಮಂಗಳವಾರ ಮತ್ತೆ ಹೋಗುತ್ತದೆ ಎಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ನ್ಯಾಯವಿದೆ. ಪರೀಕ್ಷೆ ಹಿಂದಕ್ಕೆ ಬಂದಾಗಲೇ ಹೆಚ್ಚು ಅಪಾಯ. 2022ರಲ್ಲಿ ಹಾಗೇ ಆಗಿತ್ತು. ಜೆಇಇ ಮೇನ್ ತಾರೀಖುಗಳಿಗೆ ತಾಕುತ್ತಿದ್ದ ಇಂಟರ್ ಪರೀಕ್ಷೆಗಳನ್ನು ಸರಿಸಬೇಕಾಗಿ ಬಂದು, ಮೇ 2ಕ್ಕೆ ಶುರುವಾಗಬೇಕಿದ್ದ ಹತ್ತನೇ ತರಗತಿಯ ಪರೀಕ್ಷೆ ಏಪ್ರಿಲ್ 27ಕ್ಕೇ ಶುರುವಾಯಿತು. ಅಂಥ ಸುದ್ದಿ ತಲುಪದಿದ್ದರೆ ಪರೀಕ್ಷೆಯೇ ತಪ್ಪುತ್ತದೆ. ಹಾಗೆಂದು ಮುಂದಕ್ಕೆ ಹೋದ ಪರೀಕ್ಷೆಯಲ್ಲಿ ಅಪಾಯವಿಲ್ಲ ಎಂದುಕೊಳ್ಳುವಂತಿಲ್ಲ. ಅದರಲ್ಲೂ ಮುಂದಕ್ಕೆ ಹೋದದ್ದು ಕೊನೆಯ ಪತ್ರಿಕೆಯಾದರೆ ಲೆಕ್ಕವೇ ಬೇರೆ. ನಡುವಿನ ಪತ್ರಿಕೆ ಒಂದು ದಿನ ಸರಿದರೆ ಮಗು ಹೇಗೂ ಊರಲ್ಲೇ ಇರುತ್ತದೆ. ಮನೆಯವರು ಪ್ರಯಾಣ, ಮದುವೆ, ಕೂಲಿ ಎಲ್ಲವನ್ನೂ ಜೋಡಿಸಿಟ್ಟುಕೊಳ್ಳುವುದು ಕೊನೆಯ ಪತ್ರಿಕೆಯ ಮರುದಿನಕ್ಕೆ.

ಕರ್ನೂಲು ಜಿಲ್ಲೆಯ ಪಡುವಣ ಭಾಗದಲ್ಲಿ ಹೀಗೆ ಜೋಡಿಸಿಟ್ಟುಕೊಳ್ಳುವುದರ ಅರ್ಥ ಕೇಳುಗರಿಗೆ ಗೊತ್ತೇ ಇದೆ. ಮಳೆ ನಂಬಿದ ಹೊಲ ಬರಿದಾದ ಮೇಲೆ ಗುಳೇ ಹೋಗುವ ಮನೆಗಳು ಇಲ್ಲಿ ಊರೂರಿಗೂ ಇವೆ. ಕೆಲವರು ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ತಂದೆತಾಯಿ ಹೋದ ಮೇಲೆ ಹತ್ತನೇ ತರಗತಿಯ ಮಗು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಉಳಿದು ಪರೀಕ್ಷೆ ಬರೆಯುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಹಬ್ಬಕ್ಕೆ ಊರಿಗೆ ಬಂದ ಒಂದು ಕುಟುಂಬದ ಲೆಕ್ಕವನ್ನು ನೋಡೋಣ. ಭಾನುವಾರ ಹಬ್ಬ, ಸೋಮವಾರ ಬೆಳಿಗ್ಗೆ ಮಗಳ ಕೊನೆಯ ಪರೀಕ್ಷೆ, ರಾತ್ರಿಯ ವಾಹನಕ್ಕೆ ಎಲ್ಲರೂ ಕೂಡಿ ವಾಪಸು. ಮೇಸ್ತ್ರಿಗೆ ಮಂಗಳವಾರ ಬರುತ್ತೇವೆಂದು ಮಾತು ಕೊಟ್ಟಾಗಿದೆ. ಈ ಮನೆಗೆ ಪರೀಕ್ಷೆ ಒಂದು ದಿನ ಮುಂದಕ್ಕೆ ಹೋಗಿದೆ ಎಂಬ ಸುದ್ದಿ ಭಾನುವಾರ ಸಂಜೆ ತಲುಪಿದರೆ ತೊಂದರೆ, ಗುರುವಾರವೋ ಶುಕ್ರವಾರವೋ ತಲುಪಿದರೆ ತೊಂದರೆಯಿಲ್ಲ. ಮೊದಲೇ ಗೊತ್ತಾದರೆ ಮೇಸ್ತ್ರಿಗೆ ಒಂದು ಫೋನ್ ಮಾಡಿ ಬುಧವಾರಕ್ಕೆ ಒಪ್ಪಿಸಬಹುದು, ಇಲ್ಲವೇ ಮಗಳನ್ನು ಎರಡು ದಿನ ಅಜ್ಜಿಯ ಬಳಿ ಬಿಟ್ಟು ಹೋಗಬಹುದು. ತಡವಾದರೆ ಅವರ ಮುಂದೆ ಉಳಿಯುವುದು ಎರಡೇ ದಾರಿ: ಕೂಲಿ ಬಿಡಬೇಕು, ಇಲ್ಲವೇ ಪರೀಕ್ಷೆ ಬಿಡಬೇಕು. ಬಿಟ್ಟ ಪತ್ರಿಕೆಗೆ ಸಪ್ಲಿಮೆಂಟರಿ ಪರೀಕ್ಷೆ ಇದೆ, ನಿಜ. ಅದು ನಡೆಯುವುದು ಮೇ ತಿಂಗಳಲ್ಲಿ, ಅದಕ್ಕೆ ಮತ್ತೆ ಶುಲ್ಕ ಕಟ್ಟಬೇಕು, ಮತ್ತೆ ಊರಿಗೆ ಬರಬೇಕು. ಹಾಗೆ ಮತ್ತೆ ಬರುವುದು ಎಲ್ಲ ಮನೆಗಳಿಗೂ ಆಗುವ ಮಾತಲ್ಲ.

ಆದ್ದರಿಂದ ಸಂದೇಶಕ್ಕೆ ಮೊದಲು ಬೇಕಾದದ್ದು ಹೊತ್ತು. ವೇಳಾಪಟ್ಟಿಯನ್ನೇ ನೋಡಿ. ಮಾರ್ಚ್ 28ರ ಶುಕ್ರವಾರ ಜೀವಶಾಸ್ತ್ರ. ಅದು 50 ಅಂಕದ ಪತ್ರಿಕೆಯಾದ್ದರಿಂದ 9.30ಕ್ಕೆ ಶುರುವಾಗಿ 11.30ಕ್ಕೇ ಮುಗಿಯುತ್ತದೆ. ಶನಿವಾರದ ಪತ್ರಿಕೆ ಬೇರೆ ಕೋರ್ಸಿನವರಿಗೆ ಮಾತ್ರ. ಅಂದರೆ ಸಾಮಾನ್ಯ ಕೋರ್ಸಿನ ಮಕ್ಕಳೆಲ್ಲ ಒಂದೇ ಕಡೆ ಸಿಗುವ ಕೊನೆಯ ಗಳಿಗೆ ಶುಕ್ರವಾರ ಹನ್ನೊಂದೂವರೆ, ಪರೀಕ್ಷಾ ಕೇಂದ್ರದ ಗೇಟಿನ ಬಳಿ. ಅದಾದ ಮೇಲೆ ಅವರು ಒಂದೆಡೆ ಸೇರುವುದು ಮಂಗಳವಾರವೇ. ನಡುವಿನ ಮೂರು ದಿನ ಶನಿವಾರ, ಯುಗಾದಿ, ರಂಜಾನ್. ಆ ಗಳಿಗೆಯಲ್ಲಿ ಗೇಟಿನ ಬಳಿ ಶಾಲೆಯ ಕಡೆಯವರೊಬ್ಬರು ನಿಂತು ಪ್ರತಿ ಮಗುವಿನ ಕೈಗೆ ಒಂದು ಚೀಟಿ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ವಾಟ್ಸಾಪ್ ಸಂದೇಶವೂ ಇರಲಿ. ಅದು ಫೋನಿಗೆ ತಲುಪಿತೆಂದು ಎರಡು ಗೆರೆ ತೋರಿಸುತ್ತದೆ, ಮನೆಗೆ ತಲುಪಿತೆಂದು ತೋರಿಸುವುದಿಲ್ಲ. ಫೋನು ಗುಂಟೂರಿನ ಹೊಲದಲ್ಲಿ ತಂದೆಯ ಜೇಬಿನಲ್ಲಿದ್ದು ಮಗು ದೇವನಕೊಂಡದಲ್ಲಿದ್ದರೆ ಸುದ್ದಿ ಮತ್ತೆ ಅಲ್ಲಿಂದ ಇಲ್ಲಿಗೆ ಬರಬೇಕು. ಗುಂಪಿನಲ್ಲಿ ಯುಗಾದಿಯ ಶುಭಾಶಯಗಳು ಬಂದು ತುಂಬುವ ವಾರ ಬೇರೆ ಅದು.

ಎರಡನೆಯದು, ಸಂದೇಶ ಏನನ್ನು ಮೊದಲು ಹೇಳುತ್ತದೆ ಎನ್ನುವುದು. ಆದೇಶಗಳು ಶುರುವಾಗುವುದು ಉಲ್ಲೇಖದ ಸಂಖ್ಯೆಯಿಂದ, ಯಾವ ಅಧಿಕಾರಿಯ ಯಾವ ಪತ್ರ ಎಂಬುದರಿಂದ. ಬದಲಾದ ತಾರೀಖು ನಾಲ್ಕನೇ ಸಾಲಿಗೆ ಬರುತ್ತದೆ. ಅದನ್ನು ಓದಿಸಿಕೊಂಡು ಕೇಳುವ ತಾಯಿಗೆ ಮೊದಲ ಸಾಲು ಮುಗಿಯುವಷ್ಟರಲ್ಲೇ ಇದು ತನಗೆ ಸಂಬಂಧವಿಲ್ಲದ ಸರ್ಕಾರಿ ಕಾಗದ ಅನ್ನಿಸುತ್ತದೆ. ಇನ್ನೊಂದು ತೊಡಕೂ ಇದೆ. "ಪರೀಕ್ಷೆ ಮುಂದೂಡಲಾಗಿದೆ" ಎಂಬ ಒಂದೇ ಮಾತು ಬಾಯಿಂದ ಬಾಯಿಗೆ ಹೋಗುವಾಗ "ಪರೀಕ್ಷೆ ಇಲ್ಲವಂತೆ" ಎಂದಾಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. 2020ರಲ್ಲಿ ಜನ ನಿಜವಾಗಿಯೂ ಅದನ್ನು ಕಂಡಿದ್ದಾರೆ. ಮಾರ್ಚ್ 23ರ ಪರೀಕ್ಷೆ ಸ್ಥಳೀಯ ಸಂಸ್ಥೆಗಳ ಚುನಾವಣೆಗಾಗಿ 31ಕ್ಕೆ ಹೋಯಿತು, ಕೊರೊನಾ ಬಂದು ಜುಲೈಗೆ ಹೋಯಿತು, ಜೂನ್‌ನಲ್ಲಿ ಪೂರ್ತಿ ರದ್ದಾಯಿತು. ಒಮ್ಮೆ ಹಾಗೆ ಆದ ಮೇಲೆ ಮುಂದೂಡಿಕೆ ಎಂದರೆ ರದ್ದಾಗುವುದಕ್ಕೆ ಮುನ್ನುಡಿ ಎಂದುಕೊಳ್ಳುವವರನ್ನು ತಪ್ಪೆನ್ನಲಾಗದು. ಅದಕ್ಕೇ ಇಲ್ಲದ ದಿನವನ್ನೂ ಇರುವ ದಿನವನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು: ಸೋಮವಾರ ಇಲ್ಲ, ಮಂಗಳವಾರ ಇದೆ. ತಾರೀಖಿನ ಜೊತೆ ವಾರ ಇರಲೇಬೇಕು. ಹಳ್ಳಿಯ ಮನೆಗಳಲ್ಲಿ ಕೂಲಿಯ ಲೆಕ್ಕ, ಸಂತೆಯ ಲೆಕ್ಕ ನಡೆಯುವುದು ವಾರದ ಮೇಲೆ. ಮೂವತ್ತೊಂದನೇ ತಾರೀಖು ತಿಂಗಳ ಕೊನೆ, ಒಂದನೇ ತಾರೀಖು ಮುಂದಿನ ತಿಂಗಳು ಎಂದಾಗ ಇವೆರಡರ ನಡುವೆ ಬಹಳ ದಿನವಿದ್ದಂತೆ ಕೇಳಿಸುತ್ತದೆ. ಸೋಮವಾರ, ಮಂಗಳವಾರ ಎಂದರೆ ಆ ಗೊಂದಲವಿಲ್ಲ. ಏಪ್ರಿಲ್ ಒಂದು ಎಂದರೆ ಹುಡುಗರು ಹುಡುಗಾಟಕ್ಕೆ ಕಳಿಸಿದ ಸುದ್ದಿಯೆಂದು ನಂಬದೆ ಬಿಡುವವರೂ ಇರಬಹುದು. ಕಾರಣವನ್ನು ಒಂದು ಮಾತಿನಲ್ಲಿ, ರಂಜಾನ್ ರಜೆಗಾಗಿ ಎಂದು ಹೇಳಿಬಿಟ್ಟರೆ ಆ ಅನುಮಾನ ಉಳಿಯುವುದಿಲ್ಲ.

ಹೀಗೆಲ್ಲ ಯೋಚಿಸಿ ಬರೆದರೆ ಶುಕ್ರವಾರದ ಚೀಟಿ ಹೇಗಿರಬಹುದು? ನನ್ನ ಪ್ರಕಾರ ಅದು ಹೀಗಿರಬೇಕು.

"ಹತ್ತನೇ ತರಗತಿ ಮಕ್ಕಳ ತಂದೆತಾಯಿಗಳಿಗೆ ನಮಸ್ಕಾರ. ಸೋಷಿಯಲ್ ಪರೀಕ್ಷೆ ಮಾರ್ಚ್ 31, ಸೋಮವಾರ ಇಲ್ಲ. ಏಪ್ರಿಲ್ 1, ಮಂಗಳವಾರ ಇದೆ. ಸೋಮವಾರ ರಂಜಾನ್ ರಜೆ, ಅದಕ್ಕಾಗಿ ಈ ಬದಲಾವಣೆ. ಪರೀಕ್ಷೆ ರದ್ದಾಗಿಲ್ಲ. ವೇಳೆ ಬದಲಾಗಿಲ್ಲ: ಬೆಳಿಗ್ಗೆ 9.30ರಿಂದ ಮಧ್ಯಾಹ್ನ 12.45. ಕೇಂದ್ರ ಬದಲಾಗಿಲ್ಲ: ಇಲ್ಲಿಯವರೆಗೆ ಬರೆದ ಅದೇ ಶಾಲೆ, ಅದೇ ಹಾಲ್ ಟಿಕೆಟ್. ಹಾಲ್ ಟಿಕೆಟ್ಟಿನಲ್ಲಿ ಹಳೆಯ ತಾರೀಖು ಇದ್ದರೂ ಅದೇ ನಡೆಯುತ್ತದೆ, ಹೊಸದು ಬೇಕಿಲ್ಲ. ಮಗು ಒಂಬತ್ತು ಗಂಟೆಯೊಳಗೆ ಗೇಟಿನ ಬಳಿ ಇರಲಿ. ತರಬೇಕಾದವು: ಹಾಲ್ ಟಿಕೆಟ್ ಕಾಗದದ್ದೇ ಆಗಬೇಕು, ಒಂದೇ ಬಣ್ಣದ ಎರಡು ಪೆನ್ನು, ಭೂಪಟ ಗುರುತಿಸಲು ಪೆನ್ಸಿಲ್ಲು, ರಬ್ಬರು, ಸ್ಕೇಲು, ಏನೂ ಬರೆಯದ ಪರೀಕ್ಷೆಯ ಅಟ್ಟೆ, ನೀರಿನ ಬಾಟಲಿ. ತರಬಾರದವು: ಫೋನು, ಸ್ಮಾರ್ಟ್ ವಾಚು, ಯಾವುದೇ ಬರೆದ ಕಾಗದ. ಊರಿಗೆ ಹೊರಡುವವರು ಮಂಗಳವಾರ ಮಧ್ಯಾಹ್ನ ಒಂದು ಗಂಟೆಯ ಮೇಲೆ ಹೊರಡುವಂತೆ ಏರ್ಪಾಡು ಮಾಡಿಕೊಳ್ಳಿ. ಅದಕ್ಕೆ ಮುಂಚೆ ಹೊರಡಲೇಬೇಕಾದವರು ಇಂದೇ ಹೆಡ್ ಮಾಸ್ಟರಿಗೆ ಫೋನ್ ಮಾಡಿ. ಮಗು ಉಳಿಯುವ ಜಾಗದ ಬಗ್ಗೆ ಮಾತಾಡೋಣ."

ಇದರಲ್ಲಿ ಬದಲಾದದ್ದು ಒಂದು ಸಾಲು, ಬದಲಾಗದ್ದು ಮೂರು ಸಾಲು. ಬದಲಾಗದ್ದನ್ನು ಇಷ್ಟು ಹೇಳುವುದೇಕೆ, ಸಂದೇಶ ಉದ್ದವಾಗುವುದಿಲ್ಲವೇ ಎಂಬ ಆಕ್ಷೇಪಣೆಗೆ ಉತ್ತರ ಸರಳ. ತಾರೀಖು ಬದಲಾಯಿತೆಂದು ಕೇಳಿದ ಕೂಡಲೇ ಪೋಷಕರು ಕೇಳುವ ಮರುಪ್ರಶ್ನೆಗಳೇ ಆ ಮೂರು ಸಾಲುಗಳು. ಹಬ್ಬದ ಎರಡು ದಿನ ಶಾಲೆ ತೆರೆದಿರುವುದಿಲ್ಲ, ಹೋಗಿ ಕೇಳೋಣವೆಂದರೆ ಯಾರೂ ಸಿಗುವುದಿಲ್ಲ. ಉತ್ತರ ಸಿಗದ ಪ್ರಶ್ನೆಗೆ ನೆರೆಹೊರೆಯವರು ತಮಗೆ ತೋಚಿದ ಉತ್ತರ ಕೊಡುತ್ತಾರೆ. ಹಾಲ್ ಟಿಕೆಟ್ಟಿನ ತಾರೀಖಿಗೂ ಚೀಟಿಯ ತಾರೀಖಿಗೂ ಹೊಂದದಿದ್ದರೆ ಮನೆಯವರು ನಂಬುವುದು ಸೀಲು ಇರುವ ಹಾಲ್ ಟಿಕೆಟ್ಟನ್ನೇ ಹೊರತು ಚೀಟಿಯನ್ನಲ್ಲ. ಆ ಒಂದು ಸಾಲನ್ನು ಅದಕ್ಕೆಂದೇ ಸೇರಿಸಿದ್ದೇನೆ. ಆದರೆ ಮುಗಿದುಹೋದ ಪರೀಕ್ಷೆಗಳ ತಾರೀಖುಗಳನ್ನು ಮತ್ತೆ ಪಟ್ಟಿ ಮಾಡುವುದು ಬೇಡ. 17ರ ಪ್ರಥಮ ಭಾಷೆ, 19ರ ದ್ವಿತೀಯ ಭಾಷೆ, 21ರ ಇಂಗ್ಲಿಷ್, 24ರ ಗಣಿತ, 26ರ ಭೌತವಿಜ್ಞಾನ, ಇವು ಶುಕ್ರವಾರದ ಹೊತ್ತಿಗೆ ಮುಗಿದಿವೆ. ಪೂರ್ತಿ ಪಟ್ಟಿ ಕಳಿಸಿದರೆ ಬದಲಾದ ಸಾಲು ಏಳರಲ್ಲಿ ಒಂದಾಗಿ ಕಣ್ಣು ತಪ್ಪಿಸುತ್ತದೆ. ಪರೀಕ್ಷೆಗಳು ಶುರುವಾಗುವ ಮೊದಲೇ ಬದಲಾವಣೆ ಗೊತ್ತಾಗಿದ್ದರೆ ಮಾತ್ರ ಪೂರ್ತಿ ಪಟ್ಟಿ ಕೊಡಬೇಕು. ಆಗಲೂ ಪ್ರಥಮ ಭಾಷೆ ಎಂದು ಬರೆಯದೆ ಆಯಾ ಮಗುವಿನ ಪತ್ರಿಕೆಯ ಹೆಸರು ಬರೆಯಬೇಕು. ಈ ಗಡಿಯಲ್ಲಿ ಒಂದು ಮನೆಯ ಪ್ರಥಮ ಭಾಷೆ ಕನ್ನಡ, ಪಕ್ಕದ ಮನೆಯದು ತೆಲುಗು. ಇಬ್ಬರಿಗೂ ಒಂದೇ ಚೀಟಿ ಕೊಟ್ಟು ಪ್ರಥಮ, ದ್ವಿತೀಯ ಎಂದರೆ ಅಜ್ಜಿಗೆ ಏನೂ ತಿಳಿಯದು.

ತರಬೇಕಾದ ಸಾಮಾನಿನ ಪಟ್ಟಿಯೂ ಪತ್ರಿಕೆಗೆ ತಕ್ಕಂತೆ ಇರಬೇಕು. ಪ್ರತಿ ಪರೀಕ್ಷೆಗೂ ಅದೇ ಪಟ್ಟಿ ಅಂಟಿಸುವುದರಿಂದ ಮಕ್ಕಳು ಅದನ್ನು ಓದುವುದನ್ನೇ ಬಿಟ್ಟಿರುತ್ತಾರೆ. ಗಣಿತಕ್ಕೆ ಬೇಕಾದ ಕೈವಾರ, ಕೋನಮಾಪಕ ಸೋಷಿಯಲ್‌ಗೆ ಬೇಕಿಲ್ಲ. ಸೋಷಿಯಲ್‌ನಲ್ಲಿ ಭೂಪಟದಲ್ಲಿ ಸ್ಥಳ ಗುರುತಿಸುವ ಪ್ರಶ್ನೆ ಇರುತ್ತದೆ, ಅದಕ್ಕೆ ಚೂಪಾದ ಪೆನ್ಸಿಲ್ಲು ಬೇಕು. ಗಣಿತ ಮುಗಿದ ದಿನವೇ ಪೆನ್ಸಿಲ್ಲನ್ನು ತಂಗಿಗೋ ತಮ್ಮನಿಗೋ ಕೊಟ್ಟುಬಿಟ್ಟ ಮಗುವಿಗೆ ಈ ಒಂದು ಪದ ನೆರವಾಗುತ್ತದೆ. ಹಾಲ್ ಟಿಕೆಟ್ ಕಾಗದದ್ದೇ ಆಗಬೇಕು ಎಂದದ್ದಕ್ಕೂ ಕಾರಣವಿದೆ. 2025ರಲ್ಲಿ ಸರ್ಕಾರ ಹಾಲ್ ಟಿಕೆಟ್ಟನ್ನು ಮನ ಮಿತ್ರ ಎಂಬ ವಾಟ್ಸಾಪ್ ಸೇವೆಯಲ್ಲೂ ಸಿಗುವಂತೆ ಮಾಡಿತ್ತು. ಕಳೆದುಹೋದರೆ ಮತ್ತೆ ತೆಗೆಸಿಕೊಳ್ಳಲು ಅದು ದೊಡ್ಡ ಅನುಕೂಲ. ಆದರೆ ಫೋನನ್ನು ಕೇಂದ್ರದೊಳಗೆ ಬಿಡುವುದಿಲ್ಲ, ಆದ್ದರಿಂದ ಫೋನಿನಲ್ಲಿರುವ ಹಾಲ್ ಟಿಕೆಟ್ ಗೇಟಿನಾಚೆಗೆ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಹಿಂದಿನ ದಿನವೇ ಪ್ರಿಂಟ್ ತೆಗೆಸಬೇಕು, ಹಿಂದಿನ ದಿನ ಹಬ್ಬವಾದ್ದರಿಂದ ಶನಿವಾರವೇ ತೆಗೆಸಬೇಕು. ಆ ವರ್ಷ ಪರೀಕ್ಷೆಗೆ ಹೋಗುವ ಮಕ್ಕಳು ಹಾಲ್ ಟಿಕೆಟ್ ತೋರಿಸಿದರೆ ಪಲ್ಲೆ ವೆಲುಗು ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಹೋಗಬಹುದಿತ್ತು. ತಾರೀಖು ಬದಲಾದಾಗ ಕಂಡಕ್ಟರ್ ಏನನ್ನಬಹುದು ಎಂಬ ಸಂಕೋಚ ಮಗುವಿಗೆ ಆಗುವುದು ಸಹಜ. ಶಾಲೆಯವರು ಡಿಪೋಗೆ ಒಂದು ಫೋನ್ ಮಾಡಿ ಕೇಳಿಕೊಂಡು ಉತ್ತರವನ್ನು ಚೀಟಿಯಲ್ಲಿ ಬರೆದರೆ ಒಳ್ಳೆಯದು. ಕೇಳಿ ತಿಳಿಯುವವರೆಗೆ ಬರೆಯದಿರುವುದೇ ಸರಿ. ಬಸ್ಸಿನ ದುಡ್ಡು ಕೈಯಲ್ಲಿರಲಿ ಎಂದಷ್ಟೇ ಹೇಳಿದರೆ ಸಾಕು.

ಇಷ್ಟೆಲ್ಲ ಏಕೆ, ಹತ್ತನೇ ತರಗತಿಯ ಮಕ್ಕಳು ಚಿಕ್ಕವರಲ್ಲ, ಅವರಿಗೆ ಗೊತ್ತಿದ್ದರೆ ಸಾಲದೇ ಎನ್ನುವವರಿದ್ದಾರೆ. ಮಕ್ಕಳಿಗೆ ಗೊತ್ತಿರುತ್ತದೆ ಎಂದು ನಾನೂ ಒಪ್ಪುತ್ತೇನೆ. ಗೊತ್ತಿರುವುದು ಒಂದು, ಮನೆಯಲ್ಲಿ ಅದನ್ನು ನಡೆಸಿಕೊಳ್ಳುವುದು ಇನ್ನೊಂದು. ಅಪ್ಪ ಗಂಟುಮೂಟೆ ಕಟ್ಟಿ ರಾತ್ರಿ ಹೊರಡೋಣ ಎಂದಾಗ ಹದಿನೈದು ವರ್ಷದ ಹುಡುಗಿ ನಾಳೆ ಪರೀಕ್ಷೆ ಇದೆ ಎಂದರೆ, ಅದು ನಿನ್ನೆಯವರೆಗೆ ಇವತ್ತಿಗೆ ಇದ್ದದ್ದಲ್ಲವೇ ಎಂದು ಅಪ್ಪ ಕೇಳುತ್ತಾನೆ. ಆಗ ಆಕೆಯ ಕೈಯಲ್ಲಿ ಶಾಲೆಯ ಹೆಸರಿರುವ, ಹೆಡ್ ಮಾಸ್ಟರ ಸಹಿಯಿರುವ ಚೀಟಿ ಇದ್ದರೆ ಆಕೆಯ ಮಾತಿಗೆ ಬಲ ಬರುತ್ತದೆ.

ಇನ್ನು ಭಾಷೆಯ ಮಾತು. ಈ ಕಡೆಯ ಕನ್ನಡ ಮನೆಗಳಲ್ಲಿ ಎಲ್ಲರಿಗೂ ತೆಲುಗು ಬರುತ್ತದೆ, ಕನ್ನಡದಲ್ಲಿ ಬೇರೆ ಚೀಟಿ ಏಕೆ ಎಂಬುದು ಅಲ್ಲಗಳೆಯಲಾಗದ ಪ್ರಶ್ನೆ. ಮಾತಾಡಲು ಬರುತ್ತದೆ, ನಿಜ. ಓದು ಬೇರೆ. ಕನ್ನಡ ಮಾಧ್ಯಮದಲ್ಲಿ ನಾಲ್ಕೈದು ತರಗತಿ ಓದಿ ಬಿಟ್ಟ ತಾಯಿ ಕನ್ನಡದ ಚೀಟಿಯನ್ನು ಕೂಡಿಸಿ ಓದಬಲ್ಲಳು, ತೆಲುಗಿನದನ್ನು ಬೇರೆಯವರಿಂದ ಓದಿಸಬೇಕು. ಓದಲೇ ಬಾರದವರಿಗೆ ಎರಡೂ ಒಂದೇ. ಅವರಿಗೆ ಚೀಟಿಗಿಂತ ದನಿ ಮುಖ್ಯ, ಗುಳೇ ಹೋದವರಿಗೆ ಹೆಡ್ ಮಾಸ್ಟರು ತಾವೇ ಅರ್ಧ ನಿಮಿಷ ಮಾತಾಡಿ ಕಳಿಸಿದ ದನಿ ಸಂದೇಶ ಹೆಚ್ಚು ಕೆಲಸ ಮಾಡುತ್ತದೆ. ಅದರಲ್ಲಿ ಚೀಟಿಯ ಮೊದಲ ಮೂರು ವಾಕ್ಯಗಳಿದ್ದರೆ ಸಾಕು. ಸಾಮಾನಿನ ಪಟ್ಟಿ ಮಗುವಿಗೆ ಬೇಕು, ಗುಂಟೂರಿನಲ್ಲಿರುವ ತಂದೆಗೆ ಬೇಕಿಲ್ಲ.

ಮರೆತುಬಿಡುವ ಇನ್ನೊಂದು ಗುಂಪಿದೆ. ಆ ವರ್ಷ ಮಾರ್ಚ್ 15ರಿಂದ ಒಪ್ಪೊತ್ತಿನ ಶಾಲೆಗಳು ಶುರುವಾಗಿದ್ದವು. ಪರೀಕ್ಷಾ ಕೇಂದ್ರವಿರುವ ಶಾಲೆಗಳಲ್ಲಿ ಪರೀಕ್ಷೆಯ ದಿನ ಬೆಳಿಗ್ಗೆ ತರಗತಿ ನಡೆಸಲಾಗದು, ಕಿರಿಯ ಮಕ್ಕಳು ಮಧ್ಯಾಹ್ನ ಬರಬೇಕು. ಪರೀಕ್ಷೆ ಮಂಗಳವಾರಕ್ಕೆ ಸರಿದಾಗ ಆ ಕಿರಿಯರ ಹೊತ್ತೂ ಸರಿಯುತ್ತದೆ. ಅಕ್ಕನ ಪರೀಕ್ಷೆ ಮುಗಿದೇ ಹೋಯಿತೆಂದುಕೊಂಡು ಆರನೇ ತರಗತಿಯ ತಮ್ಮ ಬೆಳಿಗ್ಗೆ ಏಳೂಮುಕ್ಕಾಲಿಗೇ ಬಂದರೆ, ಪೊಲೀಸರಿರುವ ಗೇಟಿನ ಹೊರಗೆ ಮಧ್ಯಾಹ್ನದವರೆಗೆ ನಿಲ್ಲಬೇಕಾಗುತ್ತದೆ. ಏಪ್ರಿಲ್ ಬಿಸಿಲು ಕರ್ನೂಲು ಸೀಮೆಯಲ್ಲಿ ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಆದ್ದರಿಂದ ಕೇಂದ್ರವಿರುವ ಶಾಲೆ ಎರಡನೆಯ ಚೀಟಿಯೊಂದನ್ನು, ಒಂದೇ ವಾಕ್ಯದ್ದು, ಕೆಳಗಿನ ತರಗತಿಗಳಿಗೆ ಕೊಡಬೇಕು: ಮಂಗಳವಾರವೂ ಶಾಲೆ ಮಧ್ಯಾಹ್ನವೇ.

ಚಂದ್ರನ ವಿಷಯವಾಗಿಯೂ ಒಂದು ಮಾತು. ರಂಜಾನ್ ತಾರೀಖು ಚಂದ್ರದರ್ಶನದ ಮೇಲೆ ನಿಂತದ್ದು, ಹಬ್ಬ ಆಚೀಚೆ ಆದರೆ ಸಂದೇಶ ಸುಳ್ಳಾಗುವುದಿಲ್ಲವೇ ಎಂದು ಶಿಕ್ಷಕರು ಹಿಂಜರಿಯಬಹುದು. ಆ ಹಿಂಜರಿಕೆಯಿಂದಲೇ "ಚಂದ್ರ ಕಂಡರೆ 31 ಇಲ್ಲ, ಕಾಣದಿದ್ದರೆ ಇದೆ" ಎಂಬಂಥ ಸಂದೇಶಗಳು ಹುಟ್ಟುತ್ತವೆ. ಅಂಥದನ್ನು ಪೋಷಕರಿಗೆ ಕಳಿಸಲೇಬಾರದು, ಏಕೆಂದರೆ ಅದು ಮನೆಯವರನ್ನು ಭಾನುವಾರ ರಾತ್ರಿ ಆಕಾಶ ನೋಡಿ ತೀರ್ಮಾನಿಸಿ ಎಂದು ಬಿಟ್ಟಂತೆ. ಇಲಾಖೆಯ ತೀರ್ಮಾನ ಬಂದಿದ್ದರೆ ತೀರ್ಮಾನವನ್ನು ಹೇಳಬೇಕು, ಬಂದಿಲ್ಲವಾದರೆ ಅದು ಬರುವ ದಿನವನ್ನೂ ಯಾರಿಂದ ಬರುತ್ತದೆ ಎಂಬುದನ್ನೂ ಹೇಳಿ, ಅಲ್ಲಿಯವರೆಗೆ ಸೋಮವಾರ, ಮಂಗಳವಾರ ಎರಡೂ ದಿನ ಮಗು ಊರಲ್ಲಿರಲಿ ಎನ್ನಬೇಕು.

ಶಿಕ್ಷಕರಿಗೆ ಇದೆಲ್ಲ ಹೊರೆ ಎಂಬುದು ಕೊನೆಯ ಆಕ್ಷೇಪಣೆ, ಎಲ್ಲಕ್ಕಿಂತ ಗಟ್ಟಿಯಾದದ್ದೂ ಹೌದು. ಪರೀಕ್ಷೆಯ ದಿನಗಳಲ್ಲಿ ಅವರಲ್ಲಿ ಹಲವರು ಬೇರೆ ಶಾಲೆಗಳಲ್ಲಿ ಮೇಲ್ವಿಚಾರಣೆಗೆ ಹೋಗಿರುತ್ತಾರೆ. ಎಲ್ಲ ಮನೆಗೂ ಫೋನ್ ಮಾಡಿ ಎಂದು ಯಾರೂ ಕೇಳಲಾರರು. ಆದರೆ ಎಲ್ಲ ಮನೆಗೂ ಮಾಡಬೇಕಾಗಿಯೂ ಇಲ್ಲ. ಶುಕ್ರವಾರ ಗೇಟಿನ ಬಳಿ ಹಾಜರಿ ಪಟ್ಟಿ ಹಿಡಿದು ಚೀಟಿ ಪಡೆದವರ ಹೆಸರಿನ ಮುಂದೆ ಗುರುತು ಹಾಕಿಕೊಂಡರೆ ಉಳಿಯುವುದು ಕೆಲವೇ ಹೆಸರುಗಳು. ಅವರ ಮನೆಗಳಿಗೆ ಶನಿವಾರ ಒಂದೊಂದು ಫೋನ್, ಫೋನ್ ಸಿಗದವರಿಗೆ ಅದೇ ಊರಿನ ಸಹಪಾಠಿಯ ಕೈಯಲ್ಲಿ ಚೀಟಿ. ಫೋನ್ ಎತ್ತಿದವರು ಸರಿ ಸಾರ್ ಎಂದರೆ ಅಲ್ಲಿಗೆ ನಿಲ್ಲಿಸಬಾರದು. ಪರೀಕ್ಷೆ ಯಾವ ದಿನ ಎಂದು ತಿರುಗಿ ಅವರನ್ನೇ ಕೇಳಬೇಕು. ಮಂಗಳವಾರ ಎಂದು ಅವರ ಬಾಯಿಂದ ಬಂದ ಮೇಲೆ ಆ ಹೆಸರಿಗೆ ಗುರುತು ಹಾಕಬಹುದು.